ಏಳು ಸ್ಲೈಡಿನ ಲೋಲಕ

ಮೇಷ್ಟ್ರು ಮೂವತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕಾಲೇಜಿನಲ್ಲಿ ಅವರಿಗಿದ್ದ ಅಡ್ಡಹೆಸರು 'ಒಂದೇ ಸ್ಲೈಡು'. ಎಷ್ಟೇ ಉದ್ದದ ಡಿರೈವೇಷನ್ ಕೊಡಿ, ಮೊದಲ ಸಾಲಿನಿಂದ ಕೊನೆಯ ಸೂತ್ರದವರೆಗೆ ಎಲ್ಲವನ್ನೂ ಒಂದೇ ಸ್ಲೈಡಿನಲ್ಲಿ ಕೂರಿಸಿಬಿಡುತ್ತಿದ್ದರು. ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದು ಮಾಡುವುದು, ಅದಕ್ಕೂ ಸಾಲದಿದ್ದರೆ ಇನ್ನೂ ಚಿಕ್ಕದು ಮಾಡುವುದು. ಹಿಂದಿನ ಬೆಂಚಿನವರು ಕಣ್ಣು ಕಿರಿದು ಮಾಡಿಕೊಂಡು ನೋಡಿದರೆ, ಗಮನವಿಟ್ಟು ನೋಡುತ್ತಿದ್ದಾರೆ ಎಂದು ಮೇಷ್ಟ್ರಿಗೆ ಒಳಗೊಳಗೇ ಖುಷಿ.

ಅವರ ಮಗಳೂ ಅದೇ ಕಾಲೇಜಿನಲ್ಲಿ ಅದೇ ವಿಷಯ ಕಲಿಸುತ್ತಿದ್ದಳು, ಆದರೆ ಆರು ವರ್ಷದಿಂದ ತಾತ್ಕಾಲಿಕವಾಗಿ. ಪ್ರತಿ ಜೂನ್ ಬಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆ. ಈ ವರ್ಷ ಒಂದು ಖಾಯಂ ಹುದ್ದೆ ಬಂದಿತ್ತು. ನಾಲ್ಕು ಜನ ಅಭ್ಯರ್ಥಿಗಳು, ಪ್ರತಿಯೊಬ್ಬರೂ ಸಮಿತಿಯ ಮುಂದೆ, ನಿಜವಾದ ವಿದ್ಯಾರ್ಥಿಗಳಿಗೆ ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಅವಳಿಗೆ ಸಿಕ್ಕಿದ ವಿಷಯ ಸರಳ ಲೋಲಕ. ದಾರಕ್ಕೆ ಕಟ್ಟಿದ ಗುಂಡು ಒಮ್ಮೆ ಹೋಗಿ ಬರಲು ಎಷ್ಟು ಹೊತ್ತು ಬೇಕು ಎಂಬ ಸೂತ್ರವನ್ನು ಮೊದಲಿನಿಂದ ಸಾಧಿಸುವುದು.

ವಿಷಯ ಕೇಳಿದ್ದೇ ಮೇಷ್ಟ್ರು ತಮ್ಮ ಹಳೆಯ ಸ್ಲೈಡು ಹುಡುಕಿ ತಂದರು. ಹದಿನಾಲ್ಕು ಸಾಲು, ಅಂಚಿನಿಂದ ಅಂಚಿಗೆ. ಮಗಳು ಅದನ್ನು ತುಂಬ ಹೊತ್ತು ನೋಡಿ, ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಎರಡು ದಿನ ಬಿಟ್ಟು ತಾನೇ ಮಾಡಿದ್ದನ್ನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದಳು. ಏಳು ಸ್ಲೈಡು. ಒಂದೊಂದರಲ್ಲೂ ಒಂದೇ ಹೆಜ್ಜೆ. ಎಡಗಡೆ ಎಲ್ಲದರಲ್ಲೂ ಅದೇ ಲೋಲಕದ ಚಿತ್ರ, ಅದೇ ಜಾಗದಲ್ಲಿ. ಹಿಂದಿನ ಸ್ಲೈಡಿನ ಸಮೀಕರಣ ಮೇಲ್ಗಡೆ ಬೂದು ಬಣ್ಣದಲ್ಲಿ, ಹೊಸದು ನಡುವೆ ದೊಡ್ಡದಾಗಿ, ಅದರಲ್ಲಿ ಬದಲಾದ ಪದಕ್ಕೆ ಮಾತ್ರ ಕಿತ್ತಳೆ ಬಣ್ಣ. ಯಾಕೆ ಬದಲಾಯಿತು ಎಂದು ಕೆಳಗೆ ಒಂದೇ ವಾಕ್ಯ. ಪೂರ್ತಿ ಡಿರೈವೇಷನ್ ಒಟ್ಟಿಗೆ ಬೇಕಾದವರಿಗೆ ಪಾಠ ಮುಗಿದ ಮೇಲೆ ಕೊಡಲು ಒಂದು ಮುದ್ರಿತ ಹಾಳೆ.

ಮೇಷ್ಟ್ರು ಮೂಗು ಮುರಿದರು. ಡಿರೈವೇಷನ್ ಅಂದರೆ ಒಂದೇ ನೋಟಕ್ಕೆ ಸಿಗಬೇಕು, ಇದೇನು ಕಂತು ಕಂತಾಗಿ ಬಡಿಸುವುದು, ಸಮಿತಿಯವರು ನಗುತ್ತಾರೆ ಅಂದರು. ಎರಡನೆಯದರಲ್ಲಿ ಬಲದ ಸಮೀಕರಣ, ಮೂರನೆಯದರಲ್ಲಿ ಎರಡೂ ಕಡೆಯ ದ್ರವ್ಯರಾಶಿ ಹೊಡೆದುಹಾಕುವುದು, ಇಷ್ಟಕ್ಕೆ ಒಂದು ಇಡೀ ಸ್ಲೈಡೇ ಎಂದು ಗೊಣಗಿದರು. ಮಗಳು ಒಂದು ಸ್ಲೈಡನ್ನೂ ಬದಲಿಸಲಿಲ್ಲ. ಅಷ್ಟಕ್ಕೇ ಅಪ್ಪ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ಅಪ್ಪನ ಮುಖ ಊದಿದಷ್ಟೂ ಮಗಳು ಹಟ ಹಿಡಿಯುತ್ತಾಳೆಂದು ಅಮ್ಮನಿಗೆ ಗೊತ್ತಿತ್ತು, ಅವರು ನಡುವೆ ಬಾಯಿ ಹಾಕಲಿಲ್ಲ.

ಪಾಠದ ದಿನ ನಿವೃತ್ತರಿಗೂ ಹಿಂದಿನ ಸಾಲಿನಲ್ಲಿ ಕೂರಲು ಅವಕಾಶವಿತ್ತು. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಇಲ್ಲದ ಬಿಗುಮಾನ ತಂದುಕೊಂಡು ಕೂತರು. ಮುಂದೆ ಸಮಿತಿಯ ಮೂವರು, ನಡುವೆ ನಲವತ್ತು ವಿದ್ಯಾರ್ಥಿಗಳು. ಮಗಳು ಮಾತು ಶುರು ಮಾಡಿದಾಗ ಇವರು ಅಂಗಿಯ ತೋಳನ್ನು ಮತ್ತೆ ಮತ್ತೆ ಸರಿ ಮಾಡಿಕೊಂಡರು. ಅವಳ ದನಿಯಲ್ಲಿ ಮಾತ್ರ ಒಂದು ಚೂರೂ ನಡುಕವಿಲ್ಲ.

ನಾಲ್ಕನೆಯ ಸ್ಲೈಡು ಬಂತು, ಮೂಲೆಯಲ್ಲಿ '4/7'. ಮೇಲೆ ಬೂದು ಬಣ್ಣದಲ್ಲಿ ಸೈನ್ ಥೀಟಾ ಇದ್ದ ಸಮೀಕರಣ. ನಡುವೆ ಅದೇ ಸಮೀಕರಣ, ಸೈನ್ ಥೀಟಾ ಇದ್ದ ಕಡೆ ಕಿತ್ತಳೆ ಬಣ್ಣದ ಬರಿ ಥೀಟಾ, ಅಂದರೆ ದಾರ ವಾಲಿದ ಕೋನವೇ. ಕೆಳಗಿನ ವಾಕ್ಯ: 'ಕೋನ ಚಿಕ್ಕದಿದ್ದರೆ ಮಾತ್ರ.' ಪಕ್ಕದಲ್ಲಿ ಒಂದೇ ಉದಾಹರಣೆ. ಹತ್ತು ಡಿಗ್ರಿ ಎಂದರೆ 0.1745 ರೇಡಿಯನ್, ಅದರ ಸೈನ್ 0.1736. ಅಷ್ಟು ತೋರಿಸಿ ಅವಳು ಸುಮ್ಮನೆ ನಿಂತಳು.

ಸಮಿತಿಯಲ್ಲಿದ್ದ ದಪ್ಪ ಕನ್ನಡಕದವರು ಗಡಿಯಾರ ನೋಡಿಕೊಂಡರು. "ಇಷ್ಟಕ್ಕೆ ಏಳು ಸ್ಲೈಡ್ ಬೇಕೇನಮ್ಮಾ? ನಿಮ್ಮ ತಂದೆ ಒಂದರಲ್ಲೇ ಮುಗಿಸ್ತಿದ್ರಲ್ಲ."

ಹಿಂದಿನ ಸಾಲಿನಲ್ಲಿ ಮೇಷ್ಟ್ರಿಗೆ ಇದು ಹೊಗಳಿಕೆಯಾಗಿ ಕೇಳಿಸಬೇಕಿತ್ತು. ಆದರೆ ಹಾಗೆ ಕೇಳಿಸಲಿಲ್ಲ. ತಾವೇ ಹೇಳಿದ್ದ ಮಾತು ಮಗಳ ಕೆಲಸಕ್ಕೆ ಅಡ್ಡ ಬಂದು ನಿಂತಿತ್ತು.

"ಮುಗಿಸ್ತಿದ್ರು ಸರ್," ಅಂದಳು ಮಗಳು, ತಲೆ ತಗ್ಗಿಸದೆ. "ಇದೊಂದು ಹೆಜ್ಜೆ ಹತ್ರ ಈ ಮಕ್ಕಳು ಸ್ವಲ್ಪ ನಿಲ್ಲಲಿ ಅಂತ ನಂಗಾಸೆ."

ಅಷ್ಟರಲ್ಲಿ ಮೂರನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. "ಮೇಡಂ, ಕೋನ ಚಿಕ್ಕದಿಲ್ಲದಿದ್ರೆ? ಲ್ಯಾಬಲ್ಲಿ ನಾವು ಅರವತ್ತು ಡಿಗ್ರಿಯಿಂದ ಬಿಟ್ವಿ. ಗುರುತ್ವ 9.8 ಬರ್ಬೇಕಿತ್ತು, ಎಷ್ಟು ಸಲ ಮಾಡಿದ್ರೂ 8.5 ಬಂತು."

ಮಗಳ ಮುಖ ಅರಳಿತು. ಹಲಗೆಯ ಮೇಲೆ ಎರಡೇ ಸಂಖ್ಯೆ ಬರೆದಳು. ಅರವತ್ತು ಡಿಗ್ರಿ ಎಂದರೆ 1.047 ರೇಡಿಯನ್, ಅದರ ಸೈನ್ 0.866. ಗುಂಡನ್ನು ಹಿಂದಕ್ಕೆ ಎಳೆಯುವ ಬಲ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ, ಹಾಗಾಗಿ ಅದು ನಿಧಾನ ತೂಗುತ್ತದೆ. ಸೂತ್ರ ಹೇಳುವುದಕ್ಕಿಂತ ಸುಮಾರು ಶೇಕಡಾ ಏಳು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆ ಹೆಚ್ಚಿನ ಹೊತ್ತನ್ನು ಸೂತ್ರಕ್ಕೆ ಹಾಕಿದರೆ ಗುರುತ್ವ ಕಡಿಮೆ ಬರಲೇಬೇಕು. "ನೀವು ಅಳತೆ ಸರಿಯಾಗೇ ಮಾಡಿದ್ದೀರಿ," ಅಂದಳು. "ಈ ನಾಲ್ಕನೇ ಸ್ಲೈಡನ್ನ ದಾಟಿ ಹೋಗಿದ್ದೀರಿ, ಅಷ್ಟೆ."

ತರಗತಿಯಲ್ಲಿ ಗುಸುಗುಸು ಎದ್ದಿತು. ಉಳಿದ ಮೂರು ಸ್ಲೈಡುಗಳನ್ನು ಹುಡುಗರು ತಾವೇ ಮುಂದೆ ಮುಂದೆ ಹೇಳುತ್ತ ಹೋದರು. ಇಪ್ಪತ್ತನೆಯ ನಿಮಿಷಕ್ಕೆ ಸೂತ್ರ ಪರದೆಯ ಮೇಲಿತ್ತು.

ಆ 8.5 ಮೇಷ್ಟ್ರಿಗೆ ಹೊಸದಲ್ಲ. ವರ್ಷ ವರ್ಷವೂ ಯಾರಾದರೊಬ್ಬರ ಲ್ಯಾಬ್ ರೆಕಾರ್ಡಿನಲ್ಲಿ ಅದು ಬರುತ್ತಿತ್ತು, ಅವರು ಕೆಂಪು ಶಾಯಿಯಲ್ಲಿ 'ಅಜಾಗರೂಕತೆ' ಎಂದು ಬರೆದು ಅಂಕ ಕಳೆಯುತ್ತಿದ್ದರು. ಕೋನ ಎಷ್ಟು ಎಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಮಗಳ ಮೇಲಿನ ಹೆಮ್ಮೆಯೇ ದೊಡ್ಡದಾಗಿತ್ತು.

ವಿದ್ಯಾರ್ಥಿಗಳು ಹೊರಗೆ ಹೋದ ಮೇಲೆ ಸಮಿತಿಯ ಅಧ್ಯಕ್ಷರು ಹಿಂದಕ್ಕೆ ತಿರುಗಿ ನಕ್ಕರು. ಹಳೆಯ ಪರಿಚಯ. "ಮೇಷ್ಟ್ರೇ, ಸ್ಲೈಡುಗಳಲ್ಲಿ ನಿಮ್ಮ ಕೈವಾಡ ಕಾಣ್ತಿದೆ," ಅಂದರು. ಸಲಿಗೆಯ ಮಾತೇ. ಆದರೆ ಕನ್ನಡಕದವರ ಪೆನ್ನು ಅಂಕ ಹಾಕುವ ಹಾಳೆಯ 'ಸ್ವಂತ ತಯಾರಿ' ಎಂಬ ಕಾಲಂ ಎದುರು ನಿಂತುಬಿಟ್ಟಿತು. ಮಗಳು ಕೇಬಲ್ ಕೀಳುತ್ತಿದ್ದವಳು ಕೈ ನಿಲ್ಲಿಸಿದಳು.

ಮೇಷ್ಟ್ರು ಎದ್ದು ನಿಂತರು.

"ನನ್ನ ಕೈವಾಡ ಇದ್ದಿದ್ರೆ ಹದಿನಾಲ್ಕು ಸಾಲೂ ಒಂದರಲ್ಲೇ ಇರ್ತಿತ್ತು ಸರ್. 'ಕೋನ ಚಿಕ್ಕದಿದ್ದರೆ' ಅನ್ನೋದು ಒಂಬತ್ತನೇ ಸಾಲಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಆ ಹುಡುಗಿ ಕೇಳಿದ ಪ್ರಶ್ನೆನ ಮೂವತ್ತೆರಡು ವರ್ಷದಲ್ಲಿ ನನ್ನನ್ನ ಒಬ್ರೂ ಕೇಳಲಿಲ್ಲ. ಕೇಳೋಕೆ ನಾನು ಜಾಗವೇ ಬಿಟ್ಟಿರಲಿಲ್ಲ. ಇವಳು ಇದನ್ನ ತೋರಿಸಿದಾಗ ಬೇಡ ಅಂದವನು ನಾನು. ನನ್ನ ಮಾತು ಕೇಳದೆ ಮಾಡಿದ್ದಾಳೆ."

ಕನ್ನಡಕದವರು ತಲೆ ತಗ್ಗಿಸಿ ಆ ಕಾಲಂನಲ್ಲಿ ಏನೋ ಬರೆದರು. ಮಗಳು ಅಪ್ಪನನ್ನು ನೋಡಿದಳು, ಕೇಬಲ್ ಕೈಯಲ್ಲೇ ಇತ್ತು, ಕಣ್ಣು ತುಂಬಿತ್ತು.

ಸಂಜೆ ನಾಲ್ಕಕ್ಕೆ ಫಲಿತಾಂಶದ ಹಾಳೆ ಅಂಟಿಸಿದರು. ಮಗಳು ಇನ್ನೂ ಮೆಟ್ಟಿಲ ಬಳಿ ನಿಂತು ಆ ಮೂರನೆಯ ಬೆಂಚಿನ ಹುಡುಗಿಗೆ ಏನೋ ವಿವರಿಸುತ್ತಿದ್ದಳು, ಮೇಷ್ಟ್ರೊಬ್ಬರೇ ಫಲಕದ ಹತ್ತಿರ ಹೋದರು. ಆಯ್ಕೆಯಾದವರು ಎಂಬ ಸಾಲಿನ ಎದುರು ಅವಳ ಹೆಸರಿತ್ತು. ಎರಡು ಸಲ ಓದಿದರು, ಕನ್ನಡಕ ಒರೆಸಿ ಮೂರನೆಯ ಸಲ ಓದಿದರು. ಅಂಟಿನ ಡಬ್ಬಿ ಹಿಡಿದಿದ್ದ ಗುಮಾಸ್ತೆ ಹೊಸಬಳು, ಅವರ ಗುರುತು ಹತ್ತಲಿಲ್ಲ. ತಾವು ಯಾರು ಸರ್ ಎಂದು ಕೇಳಿದಳು.

ಮೂವತ್ತೆರಡು ವರ್ಷ ಈ ಕಟ್ಟಡದಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಫಿಸಿಕ್ಸ್ ಮೇಡಂ ಇದ್ದಾರಲ್ಲ," ಅಂದರು, "ಅವರಪ್ಪ."