ಎರಡನೇ ಹಂತಕ್ಕೆ

ವೇದಾಳಿಗೆ ಹೊಸ ಹೊಣೆ ಕೊಟ್ಟ ಮೇಲೆ ಕಂಪನಿಯ ಊಟದ ಕೋಣೆಯಲ್ಲಿ ಅವಳ ಪಕ್ಕ ಕೂರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಯಾರೂ ಜಗಳ ಆಡಲಿಲ್ಲ. ಒಬ್ಬರಿಗೆ ಫೋನ್ ಬರುತ್ತಿತ್ತು, ಇನ್ನೊಬ್ಬರು ಅಂದು ಬೇಗ ಊಟ ಮುಗಿಸಿರುತ್ತಿದ್ದರು. ಕೊನೆಗೆ ಉಳಿದವಳು ರಾಧಾಮಣಿ ಒಬ್ಬಳೇ.

ಯಲಹಂಕದ ಹೊರಗೆ, ದೊಡ್ಡಬಳ್ಳಾಪುರದ ರಸ್ತೆಗೆ ಅಂಟಿಕೊಂಡಂತೆ ಇದ್ದ ಆ ಕಂಪನಿ ಕಟ್ಟಡಗಳಿಗೆ ರೆಡಿಮಿಕ್ಸ್ ಕಾಂಕ್ರೀಟ್ ಕಳಿಸುತ್ತಿತ್ತು. ಪುಟ್ಟೇನಹಳ್ಳಿಯ ಮುನಿಶಾಮಪ್ಪನವರು ತಮ್ಮ ಹೊಲದಲ್ಲೇ ಶುರು ಮಾಡಿದ್ದು. ಈಗ ಮಗ ಮಹೇಂದ್ರ ನಡೆಸುತ್ತಿದ್ದ. ಖರೀದಿ, ಗೋದಾಮು, ಉತ್ಪಾದನೆ, ಗಾಡಿ ಕಳಿಸುವುದು, ಬಿಲ್ಲು, ಲೆಕ್ಕ ಎಲ್ಲವನ್ನೂ ಒಂದೇ ಸಾಫ್ಟ್‌ವೇರ್‌ಗೆ ತರುವ ಇಆರ್‌ಪಿ ಕೆಲಸ ನಡೆದಿತ್ತು. ಏನೇನು ಬೇಕು ಎಂದು ಎಲ್ಲ ವಿಭಾಗದವರೂ ಕೂತು ಬರೆದು, ಸಹಿ ಹಾಕಿ ಕೊಟ್ಟಾಗಿತ್ತು. ಆದರೆ ಸಹಿಯ ಮಸಿ ಆರುವ ಮೊದಲೇ ಬೇಡಿಕೆಗಳು ಬರತೊಡಗಿದವು. ಒಬ್ಬರು ಪ್ರೋಗ್ರಾಮರನ್ನು ಕಾಫಿ ಮೆಷಿನ್ ಹತ್ತಿರ ಹಿಡಿದು "ಇದೊಂದು ಕಾಲಂ ಸೇರಿಸಿಬಿಡಪ್ಪ" ಎನ್ನುತ್ತಿದ್ದರು, ಇನ್ನೊಬ್ಬರು ವಾಟ್ಸಾಪ್‌ನಲ್ಲೇ ಹೊಸ ರಿಪೋರ್ಟು ಕೇಳುತ್ತಿದ್ದರು. ಹೀಗೆ ಸೇರಿಸಿದ ಒಂದು ಕಾಲಂನಿಂದ ಬಿಲ್ಲು ಕೆಟ್ಟಿತು. ಅದನ್ನು ಸರಿಮಾಡುವುದರಲ್ಲಿ ಹೊಸ ವ್ಯವಸ್ಥೆ ಶುರುವಾಗಬೇಕಿದ್ದ ದಿನವೇ ತಪ್ಪಿಹೋಯಿತು.

ಆಮೇಲೆ ಮಹೇಂದ್ರ ಏಪ್ರಿಲ್ ಒಂದು ಎಂದು ಹೊಸ ದಿನ ಗೊತ್ತುಮಾಡಿ, ಗೋದಾಮಿನ ಮೇಲ್ವಿಚಾರಕಿಯಾಗಿದ್ದ ವೇದಾಳನ್ನು ಕರೆದ. ಇನ್ನು ಮುಂದೆ ಯಾವುದೇ ಬದಲಾವಣೆ ಅವಳ ಮೂಲಕವೇ ಹೋಗಬೇಕು. ಕೇಳುವವರು ಏನು ಬೇಕು, ಏಕೆ ಬೇಕು ಎಂದು ಬರೆದುಕೊಡಬೇಕು. ಅದು ಬೇರೆ ಯಾವ ಯಾವ ಕೆಲಸಕ್ಕೆ ತಾಗುತ್ತದೆ, ಎಷ್ಟು ಸಮಯ ಹಿಡಿಯುತ್ತದೆ, ಯಾವುದನ್ನೆಲ್ಲ ಮತ್ತೆ ಪರೀಕ್ಷಿಸಬೇಕು ಎಂಬ ಪರಿಣಾಮದ ವರದಿಯನ್ನು ಅವಳು ಸಾಫ್ಟ್‌ವೇರ್ ಕಂಪನಿಯ ಸೋಮನಾಥನಿಂದ ಮಾಡಿಸಬೇಕು. ಪ್ರತಿ ಬುಧವಾರ ಸೇರುವ ಸಮಿತಿಯಲ್ಲಿ ಒಪ್ಪಿಗೆ, ನಿರಾಕರಣೆ, ಇಲ್ಲವೇ ಮುಂದೂಡಿಕೆ ತೀರ್ಮಾನವಾಗಬೇಕು. ಸಹಿ ಇಲ್ಲದೆ ಯಾರೂ ಏನನ್ನೂ ಮುಟ್ಟುವಂತಿಲ್ಲ.

ತೀರ್ಮಾನ ಸಮಿತಿಯದಾದರೂ ಅದನ್ನು ಹೋಗಿ ಹೇಳಬೇಕಾದವಳು ವೇದಾ. ಜನರಿಗೆ ಸಮಿತಿ ಕಾಣುತ್ತಿರಲಿಲ್ಲ, ಅವಳ ಮುಖ ಕಾಣುತ್ತಿತ್ತು.

ತಂಗಿ ಮದುವೆಯಾಗಿ ಹೋದ ಮೇಲೆ ಅಟ್ಟೂರಿನ ಬಾಡಿಗೆ ಮನೆಯಲ್ಲಿ ಅವಳು ಒಬ್ಬಳೇ ಇದ್ದಳು. ದಿನದ ಮಾತೆಲ್ಲ ಮುಗಿಯುತ್ತಿದ್ದುದು ಆ ಊಟದ ಮೇಜಿನ ಮೇಲೆ. ಶನಿವಾರ ಸಂಜೆ ಮನೆಗೆ ಹೋದರೆ ಸೋಮವಾರ ಬೆಳಿಗ್ಗೆ ಸೆಕ್ಯೂರಿಟಿಯವನಿಗೆ ನಮಸ್ಕಾರ ಹೇಳುವಾಗಲೇ ಅವಳ ಗಂಟಲು ಮತ್ತೆ ತೆರೆಯುತ್ತಿತ್ತು. ಹಾಗಾಗಿ ಗಾಡಿಗಳನ್ನು ಕಳಿಸುವ ವಿಭಾಗದ ಮುಖ್ಯಸ್ಥೆ ರಾಧಾಮಣಿ ಫೆಬ್ರವರಿಯಲ್ಲಿ ಒಂದು ದಿನ ಊಟದ ಡಬ್ಬಿ ಮುಚ್ಚಿ, "ನಂದೂ ಒಂದಿದೆ ಕಣೇ, ಬರ್ಕೊಂಡ್ ಬಂದಿದೀನಿ" ಎಂದಾಗ ವೇದಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ವಾಪಸು ಇಟ್ಟಳು.

ಕೇಳಿದ್ದು ನ್ಯಾಯವಾದದ್ದೇ. ಒಂದು ಕಟ್ಟಡಕ್ಕೆ ಹೋದ ಗಾಡಿಯಲ್ಲಿ ಕಾಂಕ್ರೀಟ್ ಮಿಕ್ಕಿದರೆ ಅದು ಗಟ್ಟಿಯಾಗುವ ಮೊದಲು ಹತ್ತಿರದ ಇನ್ನೊಂದು ಕಟ್ಟಡಕ್ಕೆ ತಿರುಗಿಸುತ್ತಾರೆ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿ ನಿಂತಿರುವಾಗಲೇ ರಾಧಾಮಣಿ ಎರಡು ಫೋನಿನಲ್ಲಿ ಮಾತಾಡಿ ತಣಿಸಂದ್ರದಲ್ಲಿ ಗಿರಾಕಿ ಹುಡುಕುತ್ತಿದ್ದಳು. ಹೊಸ ವ್ಯವಸ್ಥೆಯಲ್ಲಾದರೆ ಮೊದಲ ಗಿರಾಕಿಯಿಂದ ಮಿಕ್ಕಿದ್ದನ್ನು ವಾಪಸು ತೋರಿಸಬೇಕು, ಆಮೇಲೆ ಎರಡನೆಯವನಿಗೆ ಹೊಸ ಚಲನ್, ಅಂದರೆ ಮಾಲು ಕಳಿಸುವ ಚೀಟಿ, ಮಾಡಬೇಕು. ಒಂದೇ ಪರದೆಯಲ್ಲಿ, ಒಂದೇ ಸಲಕ್ಕೆ ತಿರುಗಿಸುವ ಹಾಗಾಗಬೇಕು ಎಂಬುದು ಅವಳ ಕೋರಿಕೆ.

"ಏಪ್ರಿಲ್ ಒಂದಕ್ಕೆ ಶುರುವಾಗೋದರಲ್ಲಿ ಇದಿರಬೇಕು ಕಣೇ. ಸಂಜೆ ಟ್ರಾಫಿಕ್ಕಲ್ಲಿ ನನ್ ಹುಡುಗರು ಎರಡೆರಡು ಸಲ ಟೈಪ್ ಮಾಡ್ತಾ ಕೂತ್ರೆ ಮಾಲು ಡ್ರಮ್ಮಲ್ಲೇ ಕಲ್ಲಾಗುತ್ತೆ."

"ಕೊಡಿ ರಾಧಕ್ಕ, ನೋಡಿಸ್ತೀನಿ."

ಸೋಮನಾಥ ಪ್ರತಿ ವಿಭಾಗದವರನ್ನೂ ಕೇಳಿ ವರದಿ ಮಾಡಿದ. ಕಾಣಲು ಒಂದೇ ಪರದೆ. ಆದರೆ ಅದು ಚಲನ್ನಿಗೆ ತಾಗುತ್ತಿತ್ತು, ಎರಡೂ ಗಿರಾಕಿಗಳ ತೆರಿಗೆ ಬಿಲ್ಲಿಗೆ ತಾಗುತ್ತಿತ್ತು, ಯಾವ ಮಿಶ್ರಣ ಯಾವ ಕಟ್ಟಡಕ್ಕೆ ಹೋಯಿತು ಎಂಬ ಗುಣಮಟ್ಟದ ದಾಖಲೆಗೂ ತಾಗುತ್ತಿತ್ತು. ಪರೀಕ್ಷೆ ಮುಗಿಸಿದ್ದ ಮಾರಾಟದ ಸರಪಳಿಯನ್ನೆಲ್ಲ ಮೊದಲಿನಿಂದ ಮತ್ತೆ ಪರೀಕ್ಷಿಸಬೇಕಿತ್ತು, ಕಲಿಸಿದ್ದನ್ನು ಮತ್ತೆ ಕಲಿಸಬೇಕಿತ್ತು. ಏಪ್ರಿಲ್ ಒಂದು ತಪ್ಪಿದರೆ ಹಣಕಾಸು ವರ್ಷದ ನಡುವೆ ಲೆಕ್ಕಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಪಾಡು.

ಎಲ್ಲಾದರೂ ಸ್ವಲ್ಪ ಹಗುರಾಗುತ್ತದೆಯೇ ಎಂದು ವೇದಾ ಆ ವರದಿಯನ್ನು ಮತ್ತೆ ಮತ್ತೆ ಓದಿದಳು. "ಪರೀಕ್ಷೇನ ಕಮ್ಮಿ ಮಾಡೋಕಾಗಲ್ವಾ?" ಎಂದು ಸೋಮನಾಥನನ್ನು ಕೇಳಿಯೂ ಬಿಟ್ಟಳು.

"ಮಾಡ್ಬಹುದು ಮೇಡಂ. ಹೋದ ಸಲ ಬಿಲ್ಲು ಕೆಟ್ಟಿದ್ದು ಹಂಗೇ ಮಾಡಿದ್ದಕ್ಕೆ" ಎಂದ ಅವನು.

ಬುಧವಾರ ಸಮಿತಿ ರಾಧಾಮಣಿಯ ಕೋರಿಕೆಯನ್ನು ಏಪ್ರಿಲ್ ಆದ ಮೇಲೆ ನಡೆಯುವ ಎರಡನೇ ಹಂತಕ್ಕೆ ಮುಂದೂಡಿತು. ಅಲ್ಲಿಯವರೆಗೆ ಎರಡು ಸಲದ ನಮೂದು.

ಹೇಳಲು ವೇದಾ ತಾನೇ ನಡೆದುಹೋದಳು. ರಾಧಾಮಣಿ ಕಾಗದವನ್ನು ಓದಿ ಕೈಗೇ ವಾಪಸು ಕೊಟ್ಟಳು. "ನೀನೂ ಗೋದಾಮಲ್ಲಿ ಧೂಳು ಕುಡಿದವಳೇ ಅಲ್ವಾ? ಗಾಡಿ ಕಾಯೋದು ಅಂದ್ರೇನು ಅಂತ ನಿಂಗೊತ್ತಿಲ್ವಾ?"

"ಗೊತ್ತು ರಾಧಕ್ಕ. ಅದನ್ನ ಅಲ್ಲಿ ಹೇಳ್ದೆ."

"ಹೇಳ್ದೆ. ಆಮೇಲೆ ಸಹಿ ಹಾಕಿಸ್ಕೊಂಡು ಬಂದೆ."

ಮರುದಿನ ಊಟದ ಹೊತ್ತಿಗೆ ರಾಧಾಮಣಿ ತನ್ನ ಡಬ್ಬಿಯನ್ನು ಆಫೀಸಿನಲ್ಲೇ ಬಿಚ್ಚಿದಳು. ವೇದಾ ಸ್ವಲ್ಪ ಹೊತ್ತು ಕಾದು, ಆಮೇಲೆ ಒಬ್ಬಳೇ ತಿಂದಳು.

ಮಾರ್ಚ್ ಮೊದಲ ವಾರದಲ್ಲಿ ಸೋಮನಾಥನ ತಂಡದ ಕೆಲಸಪಟ್ಟಿಯಲ್ಲಿ ಅವಳಿಗೆ ಗೊತ್ತಿಲ್ಲದ ಒಂದು ಕೆಲಸ ಕಂಡಿತು. ಕೇಳಿದರೆ ಸೋಮನಾಥ ತಲೆ ತಗ್ಗಿಸಿದ. "ದೊಡ್ಡ ಯಜಮಾನ್ರು ಫೋನ್ ಮಾಡಿದ್ರು. ಬೇಡ ಅನ್ನೋಕಾಗ್ಲಿಲ್ಲ."

ತಮ್ಮೂರಿನ ಹಳೆಯ ಮನೆತನದವರಿಗೆ ಮುನಿಶಾಮಪ್ಪನವರು ಕಡಿಮೆ ದರದಲ್ಲಿ ಕಾಂಕ್ರೀಟ್ ಕೊಡುತ್ತಿದ್ದರು. ಎಷ್ಟೋ ಸಲ ಮಾಲು ಹೋದ ಮೇಲೆ ಫೋನಿನಲ್ಲಿ ದರ ಹೇಳುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ದರಪಟ್ಟಿಗಿಂತ ಕಡಿಮೆ ಬಂದರೆ ಅನುಮತಿ ಬೇಕು. ಯಾರ ಅನುಮತಿಯೂ ಇಲ್ಲದೆ, ಯಾವಾಗ ಬೇಕಾದರೂ ದರ ತಿದ್ದುವ ಒಂದು ಬಟನ್ ತಮಗಾಗಿ ಇರಬೇಕು ಎಂದಿದ್ದರು.

"ನಿಲ್ಸಿ" ಎಂದಳು ವೇದಾ. "ಸಹಿ ಇಲ್ದೆ ಮುಟ್ಟೋಹಾಗಿಲ್ಲ."

"ಅವ್ರ ಹತ್ರ ಯಾರು ಹೇಳ್ತಾರೆ ಮೇಡಂ?"

ಮಹೇಂದ್ರನ ಹತ್ತಿರ ಹೋದಳು. ಅವನು ಕಿಟಕಿಯ ಕಡೆ ನೋಡುತ್ತ, "ಅಪ್ಪನ್ ವಿಷಯ. ಹೆಂಗಾದ್ರೂ ಅಡ್ಜಸ್ಟ್ ಮಾಡ್ಬಿಡಿ ವೇದಾ" ಎಂದ.

"ಮಾಡಿದ್ರೆ ನಾಳೆಯಿಂದ ಯಾರಿಗೂ ಇಲ್ಲ ಅನ್ನೋಕಾಗಲ್ಲ ಸಾರ್. ರಾಧಾಮಣಿಯವರಿಗೆ ಇಲ್ಲ ಅಂದಿದೀವಿ."

ಮಹೇಂದ್ರ ಕಿಟಕಿಯಿಂದ ಈಚೆ ತಿರುಗಿ, "ಹಂಗಾದ್ರೆ ನೀವೇ ಮಾತಾಡಿ" ಎಂದ.

ಆ ಬಟನ್ನಿಗೂ ಸೋಮನಾಥನಿಂದ ಮಾಡಿಸಿದ ಪರಿಣಾಮದ ವರದಿ ಇಂಗ್ಲಿಷಿನಲ್ಲಿತ್ತು. ವೇದಾ ಕೂತು ಅದನ್ನು ಒಂದು ಪುಟದ ಕನ್ನಡದಲ್ಲಿ ಬರೆದಳು. ಭಾನುವಾರ ಬೆಳಿಗ್ಗೆ ಪುಟ್ಟೇನಹಳ್ಳಿಗೆ ಹೋದಾಗ ಮುನಿಶಾಮಪ್ಪನವರು ಮೂರಂತಸ್ತಿನ ಮನೆಯ ಜಗಲಿಯಲ್ಲಿ ಕೂತಿದ್ದರು. ಪಕ್ಕದ ಕುರ್ಚಿಗಳೆಲ್ಲ ಖಾಲಿ.

"ನನ್ನ ಕಂಪನೀಲೇ ನಾನು ಅರ್ಜಿ ಆಕ್ಬೇಕೇನಮ್ಮ?"

"ಎಲ್ರೂ ಹಾಕ್ತಿದಾರೆ ಯಜಮಾನ್ರೇ. ಸಾಹೇಬ್ರೂ ಒಂದು ಹಾಕಿದ್ರು, ಅವರದ್ದೂ ಬೇಡ ಅಂತಾಯ್ತು."

"ಮಯೇಂದ್ರಂದೂ?" ಅವರಿಗೆ ನಗು ಬಂತು. ಕನ್ನಡಕ ಹಾಕಿಕೊಂಡು ಓದಿದರು. ಮಾಲು ಹೋದ ಮೇಲೆ ದರ ತಿದ್ದಿದರೆ ಕಳಿಸಿಯಾದ ತೆರಿಗೆ ಬಿಲ್ಲನ್ನೂ ಸರಿಪಡಿಸಬೇಕು. ಅನುಮತಿಯ ಬೀಗವನ್ನು ಒಬ್ಬರಿಗೆ ತೆಗೆದರೆ ಮಾರಾಟದ ದರವನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಆ ಬಟನ್ ಬೇರೆಯವರ ಕೈಗೆ ಸಿಕ್ಕರೆ ಯಾರು ಒತ್ತಿದರೆಂದು ಲೆಕ್ಕಪರಿಶೋಧಕರಿಗೆ ತೋರಿಸಲು ಆಗದು. ದಿನ ತಪ್ಪುತ್ತದೆ. ಕೆಳಗೆ ವೇದಾ ಇನ್ನೊಂದು ದಾರಿ ಬರೆದಿದ್ದಳು: ಊರಿನವರನ್ನು ಒಂದು ಗುಂಪು ಮಾಡಿ ಅವರಿಗೆ ಬೇರೆ ದರಪಟ್ಟಿಯನ್ನು ಮೊದಲೇ ನಿಗದಿ ಮಾಡುವುದು. ಅದಕ್ಕೆ ಹೊಸ ಪ್ರೋಗ್ರಾಂ ಬೇಡ, ವ್ಯವಸ್ಥೆಯಲ್ಲಿ ಆಗಲೇ ಇದೆ. ಆದರೆ ಮಾಲು ಹೋದ ಮೇಲೆ ದರ ಇಳಿಸುವಂತಿಲ್ಲ.

"ದರ ಮುಂಚೇನೇ ಏಳ್ಬಿಡ್ಬೇಕು ಅನ್ನು."

"ಹೌದು, ಯಜಮಾನ್ರೇ."

ಅವರು ಕಾಗದವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. "ಇದ್ನ ನಂಗೆ ಯಾರೂ ಏಳ್ಲಿಲ್ಲ ನೋಡು. ಎಲ್ರೂ ಊಂ ಅಂತಾರೆ, ಓಗ್ತಾರೆ. ನಾನು ಕರೆದ್ರೆ ನಮ್ ಮನೇಲೇ ಯಾರೂ ಐದು ನಿಮ್ಸ ಕೂರಲ್ಲ." ಆಮೇಲೆ ಅವಳ ಪೆನ್ನು ಕೇಳಿ, ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದೇನೆ ಎಂಬ ಸಾಲಿನ ಕೆಳಗೆ ನಿಧಾನವಾಗಿ ಸಹಿ ಮಾಡಿದರು. "ಕಾಫಿ ಕುಡ್ಕೊಂಡು ಓಗು. ಅವಸರ ಇಲ್ವಲ್ಲ?"

ಅವಸರ ಇರಲಿಲ್ಲ. ವೇದಾ ಒಂದು ಖಾಲಿ ಕುರ್ಚಿಯನ್ನು ಎಳೆದುಕೊಂಡು ಅವರ ಪಕ್ಕ ಕೂತಳು.

ಕಂಪನಿಯಲ್ಲಿ ಸುದ್ದಿ ಬೇರೆ ರೂಪದಲ್ಲಿ ಹರಡಿತ್ತು. ಸೋಮವಾರ ಮೆಟ್ಟಿಲಲ್ಲಿ ಎದುರಾದ ರಾಧಾಮಣಿ ನಿಲ್ಲದೆಯೇ ಹೇಳಿದಳು: "ಯಜಮಾನ್ರಿಗಾದ್ರೆ ದಾರಿ ಸಿಕ್ತಂತೆ."

"ಅದು ಮೊದ್ಲೇ ಇದ್ದದ್ದು ರಾಧಕ್ಕ, ನಿಮ್ದಕ್ಕೆ ಹಂಗೆ—"

"ಇರ್ಲಿ ಬಿಡು" ಎಂದು ಅವಳು ಇಳಿದು ಹೋದಳು.

ಏಪ್ರಿಲ್ ಒಂದಕ್ಕೆ ಹೊಸ ವ್ಯವಸ್ಥೆ ಶುರುವಾಯಿತು. ಬಿಲ್ಲುಗಳು ಸರಿಯಾಗಿ ಬಂದವು. ಮಹೇಂದ್ರ ಎಲ್ಲರಿಗೂ ಸಿಹಿ ಹಂಚಿಸಿದ. ಸಂಜೆಯ ಟ್ರಾಫಿಕ್ಕಿನಲ್ಲಿ ರಾಧಾಮಣಿಯ ಹುಡುಗರು ಎರಡೆರಡು ಸಲ ನಮೂದಿಸಿದರು. ಮೊದಲ ವಾರ ಒಂದು ಗಾಡಿಯ ಮಾಲು ನಿಜವಾಗಿಯೂ ಡ್ರಮ್ಮಿನಲ್ಲೇ ಗಟ್ಟಿಯಾಯಿತು. ಅದನ್ನು ಒಡೆದು ತೆಗೆಯುವ ಸದ್ದು ವೇದಾಳ ಕೋಣೆಯವರೆಗೂ ಕೇಳಿಸಿತು. ಅವಳು ಬಾಗಿಲು ಮುಚ್ಚಲಿಲ್ಲ.

ಎರಡನೇ ಹಂತ ಶುರುವಾದದ್ದು ದಸರಾ ಮುಗಿದ ಮೇಲೆ. ಪಟ್ಟಿಯ ತಲೆಯಲ್ಲಿ ವೇದಾ ಇಟ್ಟಿದ್ದು ರಾಧಾಮಣಿಯ ಕೋರಿಕೆಯನ್ನೇ. ಪರಿಣಾಮವನ್ನು ಹೊಸದಾಗಿ ನೋಡಿಸಿದ್ದಳು, ಸಮಿತಿಯೂ ಒಪ್ಪಿತ್ತು. ಕೇಳಿದ ವಿಭಾಗದ ಮುಖ್ಯಸ್ಥೆಯ ಸಹಿಯೊಂದೇ ಬಾಕಿ. ಬೆಳಿಗ್ಗೆಯಿಂದ ವೇದಾ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು.

ರಾಧಾಮಣಿ ಬಂದು ನಿಂತೇ ಓದಿದಳು. "ಈಗ ಬೇಡ ವೇದಾ. ಹುಡುಗರಿಗೆ ಕೈ ಕೂತಿದೆ. ಹೋದ ಗಾಡೀಲಿ ಮಾಲು ಮಿಗೋ ಮೊದ್ಲೇ ಎರಡನೇ ಗಿರಾಕಿಗೆ ಆರ್ಡರ್ ಹಾಕಿಟ್ಕೋತಾರೆ, ಚಲನ್ ಬೇಗ ಆಗುತ್ತೆ. ಮತ್ತೆ ಬದಲಾಯ್ಸಿ, ಮತ್ತೆ ಕಲ್ಸಿ... ಯಾರಿಗ್ ಬೇಕು?"

"ನಿಜವಾಗ್ಲೂ ಬೇಡ್ವಾ?"

"ಕೋಪಕ್ಕೆ ಹೇಳ್ತಿಲ್ಲ ಕಣೇ. ಬೇಡ."

ಅವಳ ದನಿಯಲ್ಲಿ ನಿಜಕ್ಕೂ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ವೇದಾಳ ಹತ್ತಿರ ಅದಕ್ಕೆ ಉತ್ತರವಿತ್ತು. ಕೋರಿಕೆ ಮುಕ್ತಾಯ ಎಂಬಲ್ಲಿ ರಾಧಾಮಣಿ ಸಹಿ ಮಾಡಿ, ಹಿಂದಿನ ಹಾಗೆಯೇ ಅವಳ ಭುಜ ತಟ್ಟಿ, ಫೋನ್ ಕಿವಿಗಿಟ್ಟುಕೊಂಡು ಹೊರಟಳು. "ಎಲ್ಲಿದೀಯೋ? ಇನ್ನೂ ಕೊಡಿಗೇಹಳ್ಳೀನಾ?" ಎನ್ನುವ ದನಿ ಪಡಸಾಲೆಯುದ್ದಕ್ಕೂ ದೂರವಾಗುತ್ತ ಹೋಯಿತು.

ವೇದಾ ಪಟ್ಟಿಯ ಮುಂದಿನ ಕೋರಿಕೆಯನ್ನು ಎತ್ತಿಕೊಂಡಳು. ಲೆಕ್ಕದ ವಿಭಾಗದ ಹೊಸ ಹುಡುಗಿ ಆಶಾರಾಣಿಯದ್ದು. ಏಕೆ ಬೇಕು ಎಂಬ ಜಾಗವನ್ನು ಖಾಲಿ ಬಿಟ್ಟಿದ್ದಳು. ಫೋನ್ ಮಾಡಿ ಕೇಳಬಹುದಿತ್ತು. ವೇದಾ ಕಾಗದ ಹಿಡಿದು ಮೆಟ್ಟಿಲಿಳಿದು ಅವಳ ಮೇಜಿನ ತನಕ ತಾನೇ ನಡೆದುಹೋದಳು.