ಹನ್ನೆರಡು ಜಾಹೀರಾತು, ಒಬ್ಬ ಶಿವಲಿಂಗಮ್ಮ

ನನ್ನ ಅಜ್ಜಿ ಕಸ್ತೂರೆಮ್ಮ ರೊಟ್ಟಿ ಬಡಿಯುತ್ತಲೇ ಕತೆ ಹೇಳುತ್ತಿದ್ದಳು. ಹಿಟ್ಟು ನಾದುವಾಗ ರಾಜಕುಮಾರ ಕಾಡು ದಾಟುತ್ತಿದ್ದ. ರೊಟ್ಟಿ ಹಂಚಿಗೆ ಬೀಳುವ ಹೊತ್ತಿಗೆ ರಾಕ್ಷಸಿ ಬಾಗಿಲು ತೆಗೆಯುತ್ತಿದ್ದಳು. ಆಮೇಲೆ ಒಂದು ಮಗ್ಗುಲು ಬೇಯುವವರೆಗೆ ರಾಕ್ಷಸಿಯೂ ಸುಮ್ಮನೆ ಬಾಗಿಲಲ್ಲೇ ನಿಂತಿರಬೇಕು, ನಾನೂ ಉಸಿರು ಹಿಡಿದು ಕೂತಿರಬೇಕು. ಅಜ್ಜಿ ಹೋಗಿ ಆರು ವರ್ಷವಾದರೂ ಒಲೆಯ ಹೊಗೆ ಮೂಗಿಗೆ ಬಡಿದರೆ ಅರ್ಧಕ್ಕೆ ನಿಂತ ಯಾವುದೋ ಕತೆ ನೆನಪಾಗುತ್ತದೆ.

ಸಂಗನಬಸವಣ್ಣ ಸಿಂಧನೂರಿನಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ, ಜೋಳ ತುಂಬಿಡುವ ನೆಲದ ಕಣಜದ ಹೆಸರಿನಲ್ಲಿ 'ಹಗೇವು' ಅಂತ ಕಂಪನಿ ಶುರುಮಾಡಿದ್ದರು. ಒಣಗಿಸಿದ ಜೋಳದ ಕಟಕ ರೊಟ್ಟಿ, ಶೇಂಗಾ ಪುಡಿ ಪ್ಯಾಕೆಟ್ ಮಾಡಿ ಊರೂರಿಗೆ ಕಳಿಸುವ ಕೆಲಸ. ರೊಟ್ಟಿ ಬರುತ್ತಿದ್ದದ್ದು ಮಸ್ಕಿಯ ಶಿವಲಿಂಗಮ್ಮನ ಮನೆಯಿಂದ. ಅವಳೂ, ಸೊಸೆ ಕನಕಮ್ಮಳೂ, ಓಣಿಯ ಇನ್ನು ನಾಲ್ಕು ಮಂದಿ ಹೆಂಗಸರೂ ಸೇರಿ ಬಡಿಯುತ್ತಿದ್ದರು. ಫೋನಿನಲ್ಲಿ ನೋಡುವಂಥ ಹನ್ನೆರಡು ಸಣ್ಣ ಜಾಹೀರಾತನ್ನು ಒಂದು ತಿಂಗಳಲ್ಲಿ, ವಾರಕ್ಕೆ ಮೂರರಂತೆ ಬಿಡಬೇಕು ಅಂತ ಸಂಗನಬಸವಣ್ಣ ವಿಡಿಯೋ ಮಾಡುವ ನನಗೆ ಹೇಳಿದರು. ನಾನು ಎರಡು ದಿನ ಮಸ್ಕಿಯಲ್ಲಿ ಕೂತು ಶಿವಲಿಂಗಮ್ಮನನ್ನು ಶೂಟ್ ಮಾಡಿದೆ. ಎಡಿಟ್ ಮಾಡಲು ಲಿಂಗಸುಗೂರಿನ ದುರುಗೇಶ ಒಪ್ಪಿದ. ಮದುವೆ ವಿಡಿಯೋಗಳಲ್ಲಿ ಕೈ ಪಳಗಿದ ಹುಡುಗ, ಯಾರ ಕೆಳಗೂ ನೌಕರಿಗೆ ನಿಂತವನಲ್ಲ.

ಎಡಿಟರ್‌ಗೆ ಬ್ರೀಫ್ ಬರೆದು ಕೊಡಬೇಕಿತ್ತು. ಏನು ಮಾಡಬೇಕು, ಯಾರಿಗಾಗಿ, ಎಷ್ಟು ಉದ್ದ, ಯಾವತ್ತಿಗೆ, ಎಷ್ಟು ಸಲ ತಿದ್ದಬಹುದು, ಎಲ್ಲ ಅದರಲ್ಲಿ ಇರಬೇಕು. ನಾನು ಒಂದೇ ಕೂತಲ್ಲಿ ಎರಡು ಪುಟ ಬರೆದೆ. ಅಳತೆಯ ವಿಷಯ ಸರಿಯಾಗಿಯೇ ಇತ್ತು: ಫೋನಿನಂತೆ ಉದ್ದಕ್ಕೆ ನಿಂತ ಚೌಕಟ್ಟು, ಮೂವತ್ತು ಸೆಕೆಂಡು, ಸಿನಿಮಾ ಹಾಡು ಬೇಡ, ತಿದ್ದುವುದು ಎರಡೇ ಸಲ. ಉಳಿದದ್ದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. 'ಬಣ್ಣ: ಹಳೆಯ ಫೋಟೋದಂತೆ. ಗತಿ: ನಿಧಾನ, ಕೈಗಳು ಕನಸಿನಲ್ಲಿ ಆಡುವಂತೆ. ಸಂಗೀತ: ಕೊಳಲು. ಭಾವ: ಆ ಕೈರುಚಿ ಇನ್ನೆಲ್ಲಿ.' ಯಾರಿಗಾಗಿ ಅನ್ನುವ ಕಡೆ 'ಎಲ್ಲರಿಗೂ' ಅಂತ ಒಂದೇ ಪದ ಬರೆದಿದ್ದೆ. ಇಂಥ ವಿಡಿಯೋ ಥರ ಇರಲಿ ಅಂತ ಮಾದರಿ ಒಂದನ್ನೂ ಕೊಟ್ಟಿರಲಿಲ್ಲ. ಹಾರ್ಡ್ ಡಿಸ್ಕನ್ನೂ ಎರಡು ಹಾಳೆಯ ಜೆರಾಕ್ಸನ್ನೂ ಬಟ್ಟೆಯಲ್ಲಿ ಸುತ್ತಿ ಲಿಂಗಸುಗೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದೆ.

ನಾಲ್ಕನೇ ದಿನ ಮೊದಲ ಜಾಹೀರಾತು ಬಂತು. ಹೊಂಬಣ್ಣದ ಮಂಜಿನೊಳಗೆ ಶಿವಲಿಂಗಮ್ಮನ ಕೈ, ಹಣೆಯ ವಿಭೂತಿ, ಮೆಲ್ಲಗೆ ಮೇಲೇರುವ ಹೊಗೆ. ನನಗೆ ಅಳು ಬಂತು. ಸಂಗನಬಸವಣ್ಣ ಜೋಳ ಬೀಸಿಸಲು ಹೋಗಿದ್ದ ಗಿರಣಿಯ ಗದ್ದಲದಲ್ಲಿ ನಿಂತು, ಸದ್ದೇ ಇಲ್ಲದೆ ಅರ್ಧ ನೋಡಿ, ಹಾಕಿಬಿಡು ತಂಗಿ ಅಂದರು. ಸೋಮವಾರ ಸಂಜೆ ಹಾಕಿದೆ.

ಮಂಗಳವಾರ ಮುಂಜಾನೆ ಕನಕಮ್ಮನ ಫೋನು. ಅವಳ ದನಿಯ ಹಿಂದೆ ಯಾರೋ ದೊಡ್ಡದಾಗಿ ಅಳುತ್ತಿದ್ದರು. ಶಿವಲಿಂಗಮ್ಮನ ತಮ್ಮ ಅಂಬಪ್ಪ ಬಳಗಾನೂರಿನಿಂದ ಮೊದಲ ಬಸ್ಸಿಗೆ ಬಂದಿದ್ದ, ಗದ್ದೆಯ ನಾಟಿ ಬಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು. ಓಣಿಯ ತಿರುವಿನಿಂದಲೇ 'ಎಕ್ಕಾ' ಅಂತ ಅಳುತ್ತಾ ಬಂದವನಿಗೆ ಎದುರಾದದ್ದು ಕೈತುಂಬ ಹಿಟ್ಟು ಮೆತ್ತಿಕೊಂಡ ಅಕ್ಕನೇ. ಯಾರು ಹೋದರೋ ಅಂತ ಅವಳೂ ಎದೆ ಬಡಿದುಕೊಂಡು ಹೊರಗೆ ಬಂದಿದ್ದಳು. ವಿಡಿಯೋವನ್ನು ಯಾರೋ ಕೈ ಮುಗಿಯುವ ಗುರುತು ಹಾಕಿ ಸ್ಟೇಟಸ್ ಇಟ್ಟಿದ್ದರಂತೆ. ಅದನ್ನು ನೋಡಿ ಇನ್ನೊಬ್ಬರು 'ಆತ್ಮಕ್ಕೆ ಶಾಂತಿ' ಅಂತ ಬರೆದಿದ್ದರಂತೆ. ಮಧ್ಯಾಹ್ನದೊಳಗೆ ಇನ್ನೂ ಎರಡು ಊರಿನವರು ಬಂದು ಹೋದರು.

ಫೋನು ಇಡುವ ಮೊದಲು ಕನಕಮ್ಮ ಹೇಳಿದಳು: "ಆಯುಷ್ಯ ಹೆಚ್ಚಾತು ಬಿಡ್ರಿ ಅಂತ ಮಂದಿ ನಗಾಕತ್ಯಾರ. ನಮ್ಮತ್ತಿ ನಗಾಕತ್ತಿಲ್ಲ. ಆಕಿ ಮಾರಿ ಇನ್ನೊಮ್ಮೆ ಅದರಾಗ ಬರಬಾರದಂತ."

ವಿಡಿಯೋ ತೆಗೆದುಹಾಕಿದೆ. ಆಮೇಲೆ ಅದರ ಲೆಕ್ಕ ತೆರೆದು ನೋಡಿದೆ. ನೋಡಿದ ಮಂದಿಯಲ್ಲಿ ಬಹುಪಾಲು ಹತ್ತು ಸೆಕೆಂಡು ದಾಟಿರಲಿಲ್ಲ. ರೊಟ್ಟಿಯ ಪ್ಯಾಕೆಟ್ ಬರುತ್ತಿದ್ದದ್ದು ಇಪ್ಪತ್ತಾರನೇ ಸೆಕೆಂಡಿಗೆ. ಅಲ್ಲಿಯವರೆಗೆ ಹೋದವರಿಗೂ ಆರ್ಡರ್ ಮಾಡುವ ನಂಬರು ಕಂಡಿರಲಿಲ್ಲ, ಅದು ಪರದೆಯ ಅಡಿಯಲ್ಲಿ, ಆ್ಯಪಿನ ಬಟನ್ನು ಬರಹಗಳ ಹಿಂದೆ ಮುಚ್ಚಿಹೋಗಿತ್ತು. ಅದೊಂದು ಜಾಹೀರಾತು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ. ಕಂಡದ್ದು ಇಷ್ಟೇ: ಒಬ್ಬ ಮುದುಕಿ, ಕೊಳಲು, ಅಡಿಯಲ್ಲಿ 'ಶಿವಲಿಂಗಮ್ಮ, ಮಸ್ಕಿ'.

ಸಂಗನಬಸವಣ್ಣ ಬೈಯಲಿಲ್ಲ, ಅದೇ ಕಷ್ಟವಾಯಿತು. ಶುಕ್ರವಾರದೊಳಗೆ ಇನ್ನೊಂದು ಸಿದ್ಧವಾಗದಿದ್ದರೆ ಹೈದರಾಬಾದಿನ ಜಾಹೀರಾತು ಕಂಪನಿಯವರಿಗೆ ಕೊಡುತ್ತೇನೆ, ಅವರ ಹತ್ತಿರ ಒಲೆ, ರೊಟ್ಟಿ, ನಗುವ ಅಜ್ಜಿ ಎಲ್ಲದರ ವಿಡಿಯೋ ಮೊದಲೇ ರೆಡಿ ಇರುತ್ತದಂತೆ ಅಂದರು. ನನ್ನ ಕೆಲಸ ಹೋಗುವುದು ಒಂದು ಕಡೆ. ಆ ನಗುವ ಅಜ್ಜಿಯನ್ನು ನೆನೆದರೆ ನನಗೆ ಅದಕ್ಕಿಂತ ಹೆಚ್ಚು ಸಂಕಟ. ಉಳಿದ ಹನ್ನೊಂದು ಜಾಹೀರಾತಿಗೆ ನನ್ನ ಹತ್ತಿರ ಇದ್ದದ್ದೆಲ್ಲ ಶಿವಲಿಂಗಮ್ಮನೇ. ಅವಳು ಒಲ್ಲೆ ಅಂದರೆ ತಿಂಗಳ ಕೆಲಸವೇ ಇಲ್ಲ.

ದುರುಗೇಶನಿಗೆ ಫೋನು ಮಾಡಿ ಸಿಟ್ಟು ಮಾಡಿಕೊಂಡೆ. ಬದುಕಿರುವವರನ್ನು ಹೀಗೆ ತೋರಿಸುತ್ತಾರಾ ಅಂತ ಕೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಅಕ್ಕಾರ, ನಾ ಮದುವಿ ಮಾಡ್ತೀನಿ, ತೀರಿಕೊಂಡೋರ ವಿಡಿಯೋನೂ ಮಾಡ್ತೀನಿ," ಅಂದ. "ನೀವು ಬರದದ್ದು ಓದಿದ್ರ ಯಾರಿಗಿ ಆದ್ರೂ ಹಂಗ ಅನಸ್ತದ. ಪಾಪ, ಈ ಅಮ್ಮ ಇಲ್ಲ ಅಂತ ತಿಳ್ಕೊಂಡು, ಭಾಳ ಮನಸಿಟ್ಟು ಮಾಡೀನ್ರಿ."

ಫೋನು ಇಟ್ಟೆ. ಹಾಳೆಗಳನ್ನು ತೆಗೆದು ಮತ್ತೆ ಓದಿದೆ. ಎರಡು ಪುಟದಲ್ಲಿ ಎಲ್ಲೂ ಶಿವಲಿಂಗಮ್ಮ ಇರಲಿಲ್ಲ. ಇದ್ದದ್ದು ನನ್ನ ಅಜ್ಜಿ ಕಸ್ತೂರೆಮ್ಮ. ನಾನು ಬರೆದದ್ದು ಬ್ರೀಫ್ ಅಲ್ಲ, ಆರು ವರ್ಷದಿಂದ ಒಳಗೆ ಕೂತಿದ್ದ ಅಳು. ದುರುಗೇಶ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದ.

ಬುಧವಾರ ಇಬ್ಬರೂ ಮಸ್ಕಿಯಲ್ಲಿ ಇಳಿದೆವು, ನಾನು ಸಿಂಧನೂರಿನ ಕಡೆಯಿಂದ, ಅವನು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಲಿಂಗಸುಗೂರಿನ ಕಡೆಯಿಂದ. ಮನೆಯೊಳಗೆ ಕಾಲಿಟ್ಟಾಗ ಶಿವಲಿಂಗಮ್ಮ ನಮ್ಮ ಕಡೆ ನೋಡದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಅಂಬಪ್ಪ ಇನ್ನೂ ಊರಿಗೆ ಹೋಗಿರಲಿಲ್ಲ. ಬಂದದ್ದಕ್ಕೆ ಎರಡು ದಿನ ಇದ್ದೇ ಹೋಗುತ್ತೇನೆ ಅಂತ ಕಟ್ಟೆಯ ಮೇಲೆ ಕೂತಿದ್ದ. ದುರುಗೇಶನನ್ನು ಕಂಡು, "ಇವನ ಏನು ನಮ್ಮಕ್ಕನ್ನ ಮ್ಯಾಲಕ ಕಳಿಸಿದಾಂವ?" ಅಂದ.

ನಾನು ತಪ್ಪಾಯಿತು ಅಂದೆ. ತಪ್ಪು ಇವನದಲ್ಲ, ನನ್ನ ಬರಹದ್ದು ಅಂದೆ. ಏನು ಬರೆದಿದ್ದೆ ಓದು ಅಂದಳು ಶಿವಲಿಂಗಮ್ಮ. ಓದಿದೆ. ಒಲೆಯ ಮುಂದೆ ಕೂತು ಆ ಮಾತುಗಳನ್ನು ಓದುವುದು ಬಲು ಕಷ್ಟ. 'ಕೈಗಳು ಕನಸಿನಲ್ಲಿ ಆಡುವಂತೆ' ಅನ್ನುವಲ್ಲಿಗೆ ಅವಳು ತಡೆದಳು.

"ಹಂಗ ಮೆಲ್ಲಕ ಬಡದ್ರ ರೊಟ್ಟಿ ಹರದು ಹೋಗ್ತದ, ಯವ್ವಾ. ಅದ್ಯಾಕ ಹಂಗ ತೋರ್ಸೀರಿ? ಈ ಮುದುಕಿಗಿ ರೊಟ್ಟಿ ಬಡಿಯಾಕ ಬರಲ್ಲ ಅಂತಾರ ಮಂದಿ."

ಕನಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಕೊನೆಯವರೆಗೂ ಓದಿದೆ. ಶಿವಲಿಂಗಮ್ಮ ರೊಟ್ಟಿಯ ಮೇಲೆ ನೀರಿನ ಬಟ್ಟೆ ಎಳೆದು, ಮಗುಚಿ, ಆಮೇಲೆ ಕೇಳಿದಳು.

"ಇಷ್ಟೆಲ್ಲಾ ಬರದೀಯಲ್ಲ, ಇದರಾಗ ಹಸದಾರ ಯಾರು?"

'ಎಲ್ಲರಿಗೂ' ಅಂತ ಬರೆದೀನಿ ಅಂದೆ. ಎಲ್ಲಾರು ಒಮ್ಮೆಗೆ ಹಸದು ಬರೋದು ದಾಸೋಹಕ್ಕ ಅಷ್ಟೆ ಅಂದಳು ಅವಳು. ದುರುಗೇಶ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಅವನಿಗೆ ಏನೋ ನೆನಪಾಗಿತ್ತು. ಮದುವೆ ವಿಡಿಯೋದಲ್ಲಿ ಮಂದಿ ಮತ್ತೆ ಮತ್ತೆ ನೋಡುವುದು ತಾಳಿ ಕಟ್ಟುವುದನ್ನಲ್ಲ, ಕ್ಯಾಮೆರಾ ಬಂದ್ ಆಗಿದೆ ಅಂದುಕೊಂಡು ಮಂದಿ ಮಾಡಿದ್ದನ್ನು ಅಂತ ಹೇಳುತ್ತಾ ಲ್ಯಾಪ್‌ಟಾಪ್ ತೆರೆದ. ನಾನು 'ವೇಸ್ಟ್' ಅಂತ ಹೆಸರಿಟ್ಟು ಕಳಿಸಿದ್ದ ಫೋಲ್ಡರ್ ತೋರಿಸಿದ. ಅದರಲ್ಲಿ ಶಿವಲಿಂಗಮ್ಮ ಒಣಗಿದ ರೊಟ್ಟಿಯೊಂದನ್ನು ಪರೀಕ್ಷೆ ಮಾಡಲು ಮುರಿಯುತ್ತಾಳೆ. ಕಟ್ ಅನ್ನುವ ಸದ್ದು. ಆಮೇಲೆ ನೇರ ಕ್ಯಾಮೆರಾ ಕಡೆ, ಅಂದರೆ ನನ್ನ ಕಡೆ, ಚೂರು ಚಾಚಿ ಅನ್ನುತ್ತಾಳೆ: "ಆಗಲಿಂದ ನಿಂತೀಯಲ್ಲ, ಮೊದಲ ಇದು ತಿನ್ನು."

ಅಂಬಪ್ಪ ಕಟ್ಟೆ ಇಳಿದು ಬಂದ. ಇನ್ನೊಮ್ಮೆ ಹಚ್ಚು ಅಂದ. ದುರುಗೇಶ ಹಚ್ಚಿದ. ಮೂರನೇ ಸಲಕ್ಕೆ ಶಿವಲಿಂಗಮ್ಮನೇ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಪರದೆಯ ಮೇಲೆ ಸೆರಗು ಹೆಗಲಿಗೆ ಏರಿಸಿ, ಹುಬ್ಬು ಗಂಟು ಹಾಕಿ ನಿಂತ ಹೆಂಗಸು ಎಲ್ಲಿಗೂ ಹೋಗಿರಲಿಲ್ಲ, ಹೋಗುವ ಹಾಗೂ ಕಾಣುತ್ತಿರಲಿಲ್ಲ.

"ಇದು ನಾನು," ಅಂದಳು. "ಇದು ಹಾಕ್ರಿ. ಆದ್ರ ನನಗ ತೋರಿಸದ ಒಂದೂ ಹಾಕಂಗಿಲ್ಲ."

ಹಾಳೆಯ ಹಿಂಬದಿಯಲ್ಲಿ ಹೊಸ ಬ್ರೀಫ್ ಶುರುವಾಯಿತು. ದುರುಗೇಶ ಕೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಮೊದಲ ಮೂರು ಸೆಕೆಂಡಿನಲ್ಲೇ ರೊಟ್ಟಿ ಮುರಿಯುವ ಸದ್ದು. ಐದನೆಯದಕ್ಕೆ ಪ್ಯಾಕೆಟ್. ಸದ್ದಿಲ್ಲದೆ ನೋಡುವವರಿಗೆ ಮಾತು ಅಕ್ಷರದಲ್ಲೂ ಬರಲಿ. ನಂಬರು ಪರದೆಯ ನಡುವೆ. ಬಣ್ಣ ಇದ್ದದ್ದು ಇದ್ದ ಹಾಗೆ. ಹದಿನೈದು ಸೆಕೆಂಡು ಸಾಕು. ಒಪ್ಪಿಗೆ ಅನ್ನುವಲ್ಲಿ ಸಂಗನಬಸವಣ್ಣನ ಹೆಸರಿನ ಮೇಲೆ ಶಿವಲಿಂಗಮ್ಮ ಅಂತ ಬರೆದೆ. ಕೈಗಳ ಚಿತ್ರ ನಮ್ಮ ಹತ್ತಿರ ಬೇಕಾದಷ್ಟಿತ್ತು, ಅವಳ ದನಿಯನ್ನು ಅಲ್ಲೇ ಫೋನಿನಲ್ಲಿ ಹಿಡಿದರೆ ಸಾಕಿತ್ತು. ಒಂದೊಂದು ಜಾಹೀರಾತಿಗೆ ಒಬ್ಬೊಬ್ಬ ಹಸಿದವರು ಬೇಕು, ಈ ಅಮ್ಮ ತನ್ನ ದನಿಯಲ್ಲಿ ಅವರನ್ನೇ ಕರೆದು ಮಾತಾಡಿಸಬೇಕು ಅಂದ ದುರುಗೇಶ.

ಶಿವಲಿಂಗಮ್ಮ ಬಡಿಯುತ್ತಲೇ ಕರೆಯತೊಡಗಿದಳು. ನಸುಕಿನಲ್ಲೇ ಡ್ಯೂಟಿಗೆ ಹತ್ತುವ ಕಂಡಕ್ಟರ್. ಸಿಂಧನೂರಿನ ಹಾಸ್ಟೆಲ್ಲಿನಲ್ಲಿ ಓದುವ ಓಣಿಯ ಹುಡುಗಿ. ದಢೇಸುಗೂರಿನಲ್ಲಿ ನಾಟಿಗೆ ಹೋಗುವ ಹೆಂಗಸರು, ಅವರಿಗೆ ಬುತ್ತಿ ಬಿಚ್ಚಲಿಕ್ಕೆ ನೆರಳೂ ಇರುವುದಿಲ್ಲ ಅಂದಳು. ಹೆರಿಗೆ ವಾರ್ಡಿನ ನರ್ಸಮ್ಮ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಪೀರ್‌ಬೀ. ಅಳುತ್ತಾ ಮೊದಲ ಬಸ್ಸಿಗೆ ಬಂದ ತಮ್ಮ ಏನೂ ತಿಂದಿರಲಿಲ್ಲ, ಅವನನ್ನೂ ಬರಿ ಅಂದಳು. ಅಂಬಪ್ಪ ಬೇರೆ ಕಡೆ ನೋಡಿದ. ಅವಳ ಕೈ ತಪ್ ತಪ್ ಅನ್ನುತ್ತಿತ್ತು, ಮಾತಿನಲ್ಲೇ ಒಬ್ಬೊಬ್ಬರು ಬಂದು ಒಲೆಯ ಸುತ್ತ ಕೂರುತ್ತಿದ್ದರು. ರೊಟ್ಟಿ ಹಂಚಿಗೆ ಬಿದ್ದಾಗ ಮಾತು ನಿಲ್ಲುತ್ತಿತ್ತು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಹೀಗೆ ಕಾದು ಎಷ್ಟು ವರ್ಷವಾಗಿತ್ತು.

ಹೀಗೆ ಇನ್ನೂ ಕೆಲವರು ಸೇರಿ ಹತ್ತಾಯಿತು. ಹನ್ನೊಂದಕ್ಕೆ ಇನ್ನೊಬ್ಬರು ಬೇಕು ಅಂದ ದುರುಗೇಶ. ಶಿವಲಿಂಗಮ್ಮ ಯೋಚನೆ ಮಾಡಿದಳು, ಕನಕಮ್ಮನನ್ನು ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

"ನೀ ಮುಂಜಾನಿಂದ ಏನು ತಿಂದೀಯಬೇ?"

ಬಸ್ಸು ತಪ್ಪುತ್ತದೆ ಅಂತ ಏನೂ ತಿಂದಿರಲಿಲ್ಲ. ಹಾಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಹಂಚಿನಿಂದ ಬಿಸಿ ರೊಟ್ಟಿ ತೆಗೆದು ನನ್ನ ಮುಂದಿನ ಹಾಳೆಯ ಮೇಲೇ ಇಟ್ಟಳು. ದುರುಗೇಶ ಮೆಲ್ಲಗೆ ಫೋನು ಎತ್ತಿ ರೆಕಾರ್ಡ್ ಒತ್ತಿದ.