ಎರಡು ಹಾಸಿಗೆಯ ಕೋಣೆ

ಒಂದು ಮಾತಿಗೆ ಇಷ್ಟು ಬೆಲೆ ಇರಬಹುದೇ, ಅಥವಾ ಆ ಮಾತು ಆಡದೆ ಇದ್ದಿದ್ದರೂ ಬಿಲ್ಲು ಹೀಗೆಯೇ ಬರುತ್ತಿತ್ತೇ? ಬಿಲ್ಲಿಂಗ್ ಕೌಂಟರಿನ ಗಾಜಿನ ಮುಂದೆ ನಿಂತಿದ್ದ ಪೂರ್ಣಚಂದ್ರ ರಾವ್ ಅವರಿಗೆ ಅದನ್ನು ಕೇಳಿ ತಿಳಿದುಕೊಳ್ಳಬೇಕೆನಿಸುತ್ತಿತ್ತು. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ ಎಂಬ ಅಂಜಿಕೆಯೂ ಇತ್ತು. ಮಗಳು ಹೈಮಾ ಮೇಲೆ ಅಮ್ಮನ ಬಟ್ಟೆ ಮಡಚುತ್ತಿದ್ದಳು. ಅವಳು ಇಳಿದು ಬರುವುದರೊಳಗೆ ಇದನ್ನು ಮುಗಿಸಬೇಕಿತ್ತು.

ಹೆಂಡತಿ ಮಾಣಿಕ್ಯಾಂಬಳ ಬಲಮಂಡಿ ಬದಲಿಸಲು ಆಸ್ಪತ್ರೆ ಕೊಟ್ಟಿದ್ದ ಅಂದಾಜು ಒಂದು ಲಕ್ಷ ತೊಂಬತ್ತೈದು ಸಾವಿರ. ಈಗ ಕೈಗೆ ಬಂದ ಬಿಲ್ಲು ಎರಡು ಲಕ್ಷ ಎಂಬತ್ತಾರು ಸಾವಿರ. ಮೂರು ತಿಂಗಳು ಬಿಟ್ಟು ಎಡಮಂಡಿ ಮಾಡಿಸುವುದೆಂದು ಮೊದಲೇ ಮಾತಾಗಿತ್ತು. ಎರಡಕ್ಕೂ ಸೇರಿಸಿ ಇದ್ದದ್ದು ನಾಲ್ಕು ಲಕ್ಷ. ನರಸರಾವುಪೇಟೆಯಲ್ಲಿ ಮಾಣಿಕ್ಯಾಂಬಳಿಗೆ ತವರಿನಿಂದ ಬಂದಿದ್ದ ಸಣ್ಣ ನಿವೇಶನ ಮಾರಿದ ಹಣ ಅದು. ಗುಂಟೂರಿನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತನಾಗಿ ಜೀವನ ಸವೆಸಿದ ಪೂರ್ಣಚಂದ್ರ ರಾವ್ ಅವರಿಗೆ ಪಿಂಚಣಿ ಇರಲಿಲ್ಲ, ವಿಮೆಯೂ ಇರಲಿಲ್ಲ.

ಕೌಂಟರಿನಲ್ಲಿ ಕೂತಿದ್ದ ಮೆರ್ಸಿ ಎಂಬ ಹೆಂಗಸು ಅಂದಾಜಿನ ಹಾಳೆಯನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟುಕೊಂಡಳು.

"ಸರ್, ಅಂದಾಜು ಬರೆದಿರೋದು ಎರಡು ಹಾಸಿಗೆ ಕೋಣೆಗೆ. ಬಿಲ್ ಆಗಿರೋದು ಸಿಂಗಲ್ ರೂಮಿಗೆ."

"ಅದು ಗೊತ್ತಮ್ಮ. ಆದ್ರೆ ಸಿಂಗಲ್ ರೂಮಲ್ಲಿ ಇದ್ದದ್ದು ಕೊನೇ ಮೂರ್ನಾಲ್ಕು ದಿನ ಅಷ್ಟೇ. ಬಾಡಿಗೆ ವ್ಯತ್ಯಾಸ ದಿನಕ್ಕೆ ಮೂರು ಸಾವಿರದ ಚಿಲ್ಲರೆ. ಅಷ್ಟನ್ನ ನಾನೂ ಲೆಕ್ಕ ಹಾಕಿದ್ದೆ."

"ಬಾಡಿಗೆ ಒಂದೇ ಅಲ್ಲ ಸರ್. ಪ್ಯಾಕೇಜ್ ರೇಟೇ ಕೋಣೆ ಮೇಲೆ ನಿಂತಿರುತ್ತೆ. ಥಿಯೇಟರ್ ಚಾರ್ಜು, ಸರ್ಜನ್ ಫೀಸು, ಅರಿವಳಿಕೆ ಕೊಡೋ ಡಾಕ್ಟರ್ ಫೀಸು, ಎಲ್ಲಾ. ಪೇಷಂಟ್ ಇದ್ದ ಕೋಣೆಗಳಲ್ಲಿ ಯಾವುದು ಮೇಲಿನ ದರ್ಜೆದೋ ಅದರ ರೇಟನ್ನ ಮೊದಲ ದಿನದಿಂದ ಹಾಕ್ತೀವಿ. ಒಳಗೆ ಕೂರಿಸಿದ ಮಂಡಿಯ ಬೆಲೆ ಒಂದು ಮಾತ್ರ ಬದಲಾಗಲ್ಲ. ಅದಕ್ಕೆ ಸರ್ಕಾರದ ಮಿತಿ ಇದೆ."

"ಆಪರೇಷನ್ ಆದಾಗ ಅವಳು ಎರಡು ಹಾಸಿಗೆ ಕೋಣೇಲೇ ಇದ್ಳಲ್ಲಮ್ಮ. ಅದೇ ಡಾಕ್ಟರು, ಅದೇ ಮೇಜು."

"ಹೌದು ಸರ್. ಎಲ್ಲರೂ ಇದನ್ನೇ ಕೇಳ್ತಾರೆ."

ಅವಳ ದನಿಯಲ್ಲಿ ಒರಟುತನ ಇರಲಿಲ್ಲ. ದಿನಕ್ಕೆ ಹತ್ತು ಸಲ ಹೇಳಿದ್ದನ್ನು ಹನ್ನೊಂದನೆಯ ಸಲ ಹೇಳುವ ಆಯಾಸವಿತ್ತು. ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತೋರಿಸುತ್ತಾ ಹೋದಳು. ಕೋಣೆಯ ದರ್ಜೆ ಏರಿದ್ದರಿಂದ ಪ್ಯಾಕೇಜು ಎರಡು ಲಕ್ಷ ನಲವತ್ತಮೂರು ಸಾವಿರ ಆಗಿತ್ತು. ಮಾಣಿಕ್ಯಾಂಬಳ ರಕ್ತದ ಸಕ್ಕರೆ ಹತೋಟಿಗೆ ಬಾರದೆ ಪ್ಯಾಕೇಜಿನ ಅವಧಿ ಮೀರಿ ಎರಡು ದಿನ ಉಳಿದದ್ದಕ್ಕೆ ಬಾಡಿಗೆ ಬೇರೆ. ಪ್ಯಾಕೇಜಿನಲ್ಲಿ ಸೇರಿದ್ದು ಮೂಳೆ ಡಾಕ್ಟರ ಭೇಟಿ ಮಾತ್ರ. ಸಕ್ಕರೆಯ ಡಾಕ್ಟರು ಬಂದು ಹೋದದ್ದೆಲ್ಲ ಅದರ ಹೊರಗೆ, ಅದೂ ಸಿಂಗಲ್ ರೂಮಿನ ದರದಲ್ಲಿ ಭೇಟಿಗೆ ಸಾವಿರದ ಇನ್ನೂರು.

"ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಬಾಗಿಲಲ್ಲಿ ನಿಂತು 'ಹೇಗಿದ್ದೀರಮ್ಮ' ಅನ್ನೋರು," ಎಂದರು ಪೂರ್ಣಚಂದ್ರ ರಾವ್.

"ಕೇಸ್ ಶೀಟ್ ನೋಡಿ ಇನ್ಸುಲಿನ್ ಬದಲಾಯಿಸಿದ್ದಾರೆ ಸರ್. ಅದು ಭೇಟಿನೇ."

ಆಮೇಲೆ ಬಳಸಿ ಬಿಸಾಡುವ ವಸ್ತುಗಳ ಸಾಲುಗಳು ಬಂದವು. ಕೈಗವಸು, ಸಿರಿಂಜು, ಡ್ರೆಸ್ಸಿಂಗ್ ಬಟ್ಟೆ, ಹಾಸಿಗೆಯ ಮೇಲೆ ಹಾಸುವ ಪ್ಯಾಡು, ಬಿಗಿಯಾದ ಕಾಲುಚೀಲ. ಅವಕ್ಕೂ ಹೊರಗಿನ ಔಷಧಿಗೂ ಸೇರಿ ಹದಿನಾಲ್ಕು ಸಾವಿರದ ಮೇಲೆ. ರಕ್ತ ಪರೀಕ್ಷೆಗಳು ಬೇರೆ. ಅಂದಾಜಿನ ಹಾಳೆಯ ಹಿಂಬದಿಯಲ್ಲಿ ಇವೆಲ್ಲ ಪ್ಯಾಕೇಜಿಗೆ ಸೇರುವುದಿಲ್ಲ ಎಂದು ಬರೆದಿತ್ತು. ಅವರು ಹಿಂಬದಿ ಓದಿದ್ದರು. ಓದಿದಾಗ ಅವು ಬೇರೆ ಯಾರಿಗೋ ಸಂಬಂಧಪಟ್ಟ ಮಾತುಗಳ ಹಾಗೆ ಕಂಡಿದ್ದವು.

"ಕೋಣೆ ಬದಲಿಸದೆ ಇದ್ದಿದ್ರೆ?" ಕೊನೆಗೂ ಕೇಳಿದರು.

ಮೆರ್ಸಿ ಕ್ಯಾಲ್ಕುಲೇಟರ್ ಒತ್ತಿದಳು. "ಎರಡು ಲಕ್ಷ ಇಪ್ಪತ್ತಾರರ ಹತ್ತಿರ ಬರ್ತಿತ್ತು. ಅಂದಾಜಿಗಿಂತ ಅದೂ ಜಾಸ್ತಿನೇ ಸರ್. ಸಕ್ಕರೆ ಯಾರ ಕೈಲೂ ಇಲ್ಲ. ಉಳಿದ ಅರವತ್ತು ಸಾವಿರ ಕೋಣೆದು. ಬದಲಾಯಿಸಿಕೊಳ್ಳುವಾಗ ಹೇಳಿರ್ತಾರಲ್ಲ?"

ಹೇಳಿದ್ದರು. "ರೇಟ್ ಬದಲಾಗುತ್ತೆ ಸರ್, ಪರವಾಗಿಲ್ವಾ?" ಎಂದು ಅಡ್ಮಿಷನ್ ಮೇಜಿನ ಹುಡುಗ ಕೇಳಿದ್ದ. ಅವರು ತಲೆಯಾಡಿಸಿದ್ದರು. ರೇಟು ಎಂದರೆ ಬಾಡಿಗೆ ಎಂದೇ ಅಂದುಕೊಂಡಿದ್ದರು.

*

ಅದು ಗುರುವಾರ. ಆಪರೇಷನ್ ಆಗಿ ಎರಡು ದಿನವಾಗಿತ್ತು. ಮಾಣಿಕ್ಯಾಂಬಳ ಪಕ್ಕದ ಹಾಸಿಗೆಯಲ್ಲಿ ಖಾಸಿಂಬಿ ಎಂಬ ಬಾಪಟ್ಲ ಕಡೆಯ ಹೆಂಗಸು ಇದ್ದಳು. ಸೊಂಟದ ಮೂಳೆ ಮುರಿದು ಬಂದವಳು. ಇಬ್ಬರ ನಡುವಿನ ಪರದೆಯನ್ನು ಮೊದಲ ದಿನವೇ ಗೋಡೆಗೆ ಸರಿಸಿಬಿಟ್ಟಿದ್ದಳು.

"ಅತ್ತಿಗೆ, ನಿನ್ನ ಕಾಲು ಹೊಸದು, ನನ್ನ ಸೊಂಟ ಹೊಸದು. ಇಬ್ಬರೂ ಸೇರಿದ್ರೆ ಒಂದು ಹೊಸ ಹೆಂಗಸು. ಏಳು, ಬಾಗಿಲ ತನಕ ಹೋಗಿ ಬರೋಣ."

"ನೀನು ಹೋಗು ಮಾರಾಯ್ತಿ. ಹೋಗಿ ನನ್ನ ಲೆಕ್ಕದಲ್ಲೂ ನಡೆದು ಬಾ."

ಹಾಗೆನ್ನುತ್ತಲೇ ಮಾಣಿಕ್ಯಾಂಬ ಎದ್ದು ವಾಕರ್ ಹಿಡಿಯುತ್ತಿದ್ದಳು. ಖಾಸಿಂಬಿಯ ಮಗ ತಂದ ಗೋಂಗೂರ ಸೊಪ್ಪಿನ ಪಚ್ಚಡಿಗೆ ಹುಳಿ ಸಾಲದೆಂದು ಒಂದು ಮಧ್ಯಾಹ್ನವಿಡೀ ಇಬ್ಬರೂ ಜಗಳವಾಡಿದ್ದರು. ಮದುವೆಯಾದಾಗಿನಿಂದ ಹೆಂಡತಿ ಇಷ್ಟು ಮಾತಾಡಿದ್ದನ್ನು ಪೂರ್ಣಚಂದ್ರ ರಾವ್ ಕೇಳಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ಹೈಮಾ ಫೋನು ಮಾಡಿ ಸಂಜೆ ಅತ್ತೆ ಮಾವ ತೆನಾಲಿಯಿಂದ ನೋಡಲು ಬರುತ್ತಾರೆ ಎಂದಳು. ಬೀಗರಿಗೆ ಅಕ್ಕಿ ಗಿರಣಿ ಇತ್ತು. ಹೈಮಾಳ ಮದುವೆಯಲ್ಲಿ ಕುರ್ಚಿ ಸಾಲದೆ ಬೀಗಿತ್ತಿ ಕೆಲಹೊತ್ತು ನಿಂತೇ ಇದ್ದಳು. ಅದರ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ. ಆಡದೆ ಇದ್ದದ್ದೇ ಪೂರ್ಣಚಂದ್ರ ರಾವ್ ಅವರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ಕೋಣೆಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಸ್ಟೂಲು. ಅದರ ಮೇಲೆ ಖಾಸಿಂಬಿಯ ಒದ್ದೆ ಟವೆಲು.

ಅವರು ಕೆಳಗೆ ಹೋಗಿ ಕೋಣೆ ಕೇಳಿದರು. ಮೇಲೆ ಬಂದು ಹೆಂಡತಿಗೆ, "ಈ ಹಾಸಿಗೆ ಬೇರೆಯವರಿಗೆ ಬೇಕಂತೆ. ನಮ್ಮನ್ನ ಬೇರೆ ಕೋಣೆಗೆ ಹಾಕ್ತಾರಂತೆ," ಎಂದರು.

"ನಮ್ಮನ್ನ ಕೇಳಬೇಡ್ವಾ?"

"ಆಸ್ಪತ್ರೆಯೋರು ಯಾವಾಗ ಕೇಳ್ತಾರೆ?"

ಗಾಲಿಕುರ್ಚಿ ಹೊರಡುವಾಗ ಖಾಸಿಂಬಿ, "ಹೋಗು ಅತ್ತಿಗೆ, ದೊಡ್ಡೋಳಾದೆ," ಎಂದು ನಕ್ಕಳು. ಮಾಣಿಕ್ಯಾಂಬ ನಗಲಿಲ್ಲ.

ಹೊಸ ಕೋಣೆಯಲ್ಲಿ ಸೋಫಾ ಇತ್ತು. ಬೀಗರು ಅದರ ಮೇಲೆ ಕೂತರು, ಮೂಸಂಬಿ ಹಣ್ಣಿನ ಚೀಲ ಇಟ್ಟರು, ಯಾವುದೋ ಮದುವೆಯ ಊಟಕ್ಕೆ ಹೊತ್ತಾಯಿತೆಂದು ಅರ್ಧ ಗಂಟೆಗೂ ಮೊದಲೇ ಎದ್ದರು. ಸೋಫಾ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ಮಾಣಿಕ್ಯಾಂಬ ಗೋಡೆಯ ಕಡೆ ತಿರುಗಿ ಮಲಗಿದಳು. ಫಿಸಿಯೋಥೆರಪಿಯವನು ಬಂದಾಗ ನೋವು ಎಂದಳು. ಆಮೇಲಿನ ದಿನಗಳಲ್ಲಿ ಅವಳ ಬಾಯಿಂದ ಹೆಚ್ಚಿನ ಮಾತು ಬರಲಿಲ್ಲ.

*

ಹಣ ಕಟ್ಟಿ ಮೇಲೆ ಬಂದಾಗ ಹೈಮಾ ಬಾಗಿಲಲ್ಲೇ ಬಿಲ್ಲು ಕೇಳಿ ಇಸಿದುಕೊಂಡಳು. ಒಟ್ಟು ಮೊತ್ತ ನೋಡಿ ಅವಳ ಮುಖ ಕೆಂಪಾಯಿತು.

"ಏನಪ್ಪ ಇದು? ಇದನ್ನ ಸುಮ್ಮನೆ ಕಟ್ಟಿ ಬಂದ್ಯಾ?"

ಪೂರ್ಣಚಂದ್ರ ರಾವ್ ಸಮಾಧಾನವಾಗಿ ವಿವರಿಸಿದರು. ಸಕ್ಕರೆಯ ಡಾಕ್ಟರ ಭೇಟಿ, ಹೆಚ್ಚಿನ ಎರಡು ದಿನ, ಕೈಗವಸು, ಪ್ಯಾಡು. ಮೆರ್ಸಿಗಿಂತ ಚೆನ್ನಾಗಿ ಹೇಳಿದರೇನೋ. ಕೋಣೆಯ ಸಾಲು ಬಂದಾಗ ಅವರ ದನಿ ತಗ್ಗಿತು.

"ಸಿಂಗಲ್ ರೂಮ್ ಅಂತ ಎಲ್ಲದರ ರೇಟೂ ಏರಿಸಿದ್ದಾರೆ."

"ನಾವೇನು ಕೇಳಿದ್ವಾ?" ಹಾಸಿಗೆಯಿಂದ ಮಾಣಿಕ್ಯಾಂಬಳ ದನಿ ಬಂತು. "ಅವರೇ ಎತ್ತಿ ತಂದು ಇಲ್ಲಿ ಹಾಕಿದ್ರು. ಈಗ ಅದಕ್ಕೂ ನನ್ನ ಹತ್ರನೇ ದುಡ್ಡಾ?"

"ನಾನು ಹೋಗಿ ಕೇಳ್ತೀನಿ," ಎಂದು ಹೈಮಾ ಚಪ್ಪಲಿ ಮೆಟ್ಟಿದಳು.

"ಬೇಡ ಬಿಡೇ. ಕೇಳಿ ಆಯ್ತು. ಹತ್ತು ಜನರ ಮುಂದೆ ಕೂಗಾಡಬೇಡ."

"ಕೂಗಾಡದೆ ಇದ್ರೆ ಇವರಿಗೆ ಹೇಗಪ್ಪ ಗೊತ್ತಾಗೋದು?"

"ಅಮ್ಮನಿಗೆ ಹೊತ್ತಾಗುತ್ತೆ. ಆಟೋ ಕರಿ."

ಅವರು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಅಪ್ಪ ಯಾವತ್ತೂ ಹೀಗೆಯೇ, ಯಾರ ಎದುರಿಗೂ ಬಾಯಿ ಬರುವುದಿಲ್ಲ ಎಂದುಕೊಂಡು ಮಗಳು ಆಟೋ ಕರೆಯಲು ಫೋನು ತೆಗೆದಳು. ಅವಳು ಹಾಗೆ ಅಂದುಕೊಂಡದ್ದು ಅವರಿಗೆ ಗೊತ್ತಾಯಿತು. ಆ ಹೊತ್ತಿಗೆ ಅದರಿಂದ ಅನುಕೂಲವೇ ಆಯಿತು.

*

ಮೂರು ತಿಂಗಳು ಕಳೆದವು. ಬಲಗಾಲು ನೆಟ್ಟಗಾಗಿತ್ತು. ಎಡಗಾಲು ಮೊದಲಿನಂತೆಯೇ ಒಳಕ್ಕೆ ಬಾಗಿತ್ತು, ನೆಟ್ಟಗಿರುವ ಕಾಲಿನ ಪಕ್ಕದಲ್ಲಿ ಅದರ ಸೊಟ್ಟು ಇನ್ನೂ ಎದ್ದು ಕಾಣುತ್ತಿತ್ತು. ಮಾಣಿಕ್ಯಾಂಬ ಅಡುಗೆಮನೆಯ ಕಟ್ಟೆ ಹಿಡಿದು ಒಂದು ಕಡೆಗೆ ವಾಲಿ ನಡೆಯುತ್ತಿದ್ದಳು. ಹೀಗೇ ಬಿಟ್ಟರೆ ಹೊಸ ಮಂಡಿಯ ಮೇಲೂ ಭಾರ ಬೀಳುತ್ತದೆ ಎಂದು ಡಾಕ್ಟರು ಹೇಳಿದ್ದರು.

ಒಂದು ಭಾನುವಾರ ಹೈಮಾ ಬಂದಳು. "ಅಮ್ಮ, ಕಡಿಮೆ ಬೀಳೋದನ್ನ ನಾನು ಹಾಕ್ತೀನಿ. ನಮ್ಮ ಮನೆಯವರನ್ನೂ ಕೇಳಿದೀನಿ, ಹೂಂ ಅಂದ್ರು. ತಾರೀಕು ತಗೊಳ್ಳೋಣ."

ಮಾಣಿಕ್ಯಾಂಬ ಬೆಂಡೆಕಾಯಿ ಹೆಚ್ಚುತ್ತಿದ್ದಳು. "ದುಡ್ಡಿನ ಮಾತಲ್ಲ ಕಣೇ."

"ಮತ್ತೆ ಇನ್ನೇನು? ಬೇರೆ ಆಸ್ಪತ್ರೆಗೆ ಹೋಗೋಣ ಬೇಕಾದ್ರೆ."

"ಎಲ್ಲಾ ಒಂದೇ. ಅರಿವಳಿಕೆ ಕೊಟ್ಟ ಮೇಲೆ ನಮ್ಮದು ಅಂತ ಏನಿರುತ್ತೆ? ನಂಬಿಕೆ ಮೇಲೆ ತಾನೇ ಕಣ್ಣು ಮುಚ್ಚೋದು. ಎಚ್ಚರ ಇದ್ದಾಗಲೇ ಒಂದು ಮಾತು ಕೇಳದೆ ಎತ್ತಿ ಬೇರೆ ಕಡೆ ಹಾಕಿದೋರು ಅವರು. ಅಂಥೋರ ಕೈಗೆ ಇನ್ನೊಂದು ಕಾಲು ಕೊಡಲ್ಲ."

"ಅಪ್ಪ, ನೀನಾದ್ರೂ ಹೇಳು."

ಪೂರ್ಣಚಂದ್ರ ರಾವ್ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಹೇಳಬೇಕಾದ್ದು ಒಂದೇ ವಾಕ್ಯ. ಅದನ್ನು ಹೇಳಿದರೆ ಆಸ್ಪತ್ರೆಯ ಮೇಲಿನ ಅವಳ ಸಿಟ್ಟು ಅಲ್ಲಿಂದ ಎದ್ದು ಈ ಜಗಲಿಗೆ ಬರುತ್ತದೆ. ಬರಲಿ. ಕಾಲು ಉಳಿಯುತ್ತದೆ. ಇಷ್ಟು ವರ್ಷ ಸಂಬಳ ಎಷ್ಟು ತಂದರೂ ಅವಳು ಎಣಿಸಿ ನೋಡಿದವಳಲ್ಲ. ಕಣ್ಣು ಮುಚ್ಚಿ ನಂಬಿದ್ದಳು. ಇನ್ನು ಮೇಲೆ ಎಣಿಸುತ್ತಾಳೆ. ಅವರು ಪೇಪರು ಮಡಚಿದರು.

"ನೋಡು, ಅವತ್ತು ಆ ಕೋಣೆ..."

"ಆ ಕೋಣೆ ಸುದ್ದಿ ಎತ್ತಬೇಡಿ ರೀ," ಎಂದಳು ಮಾಣಿಕ್ಯಾಂಬ. ಸಿಟ್ಟಿರಲಿಲ್ಲ, ಮೆತ್ತಗೇ ಹೇಳಿದಳು. "ನೀವೇನು ಮಾಡೋಕಾಗ್ತಿತ್ತು, ಪಾಪ. ನಿಮಗೂ ಅವರು ಹೇಳಲಿಲ್ಲ."

ಅವರು ಪೇಪರನ್ನು ಮತ್ತೆ ಬಿಡಿಸಿದರು. ಹೈಮಾ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ತಾರೀಕಿನ ಮಾತು ಅವತ್ತು ಮುಂದೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ.

ಮಾಣಿಕ್ಯಾಂಬ ಇನ್ನೂ ಏಳು ವರ್ಷ ಬದುಕಿದಳು. ಅಷ್ಟೂ ದಿನ ಎಡಗಾಲನ್ನು ಎಳೆದುಕೊಂಡೇ ನಡೆದಳು. ಕೋಣೆ ಬದಲಿಸಲು ಕೇಳಿದ್ದು ತಾನೇ ಎಂದು ಪೂರ್ಣಚಂದ್ರ ರಾವ್ ಅವಳಿಗೆ ಹೇಳಲೇ ಇಲ್ಲ.